ಬೇರಿನೊಳಗಿನ ಶಿಲೀಂಧ್ರ: ಕಾಣುವುದು, ಎಣಿಸುವುದು, ಅದರ ಕೆಲಸ ಅಳೆಯುವುದು

ದೇವದುರ್ಗದ ಎರೆಹೊಲದ ಮಣ್ಣು ಪರೀಕ್ಷೆಯ ಚೀಟಿಯಲ್ಲಿ ಪಿಎಚ್ 8 ದಾಟಿರುವುದು, ಲಭ್ಯ ರಂಜಕದ ಮುಂದೆ 'ಕಡಿಮೆ' ಎಂದಿರುವುದು ಅಪರೂಪವಲ್ಲ. ಆ ಹೊಲಕ್ಕೆ ಡಿಎಪಿ ಬಿದ್ದಿಲ್ಲವೆಂದಲ್ಲ, ವರ್ಷ ವರ್ಷವೂ ಬಿದ್ದಿರುತ್ತದೆ. ಹಾಕಿದ ರಂಜಕದ ಬಹುಪಾಲು ಮಣ್ಣಿನಲ್ಲೇ ಇರುತ್ತದೆ. ಆದರೆ ಸುಣ್ಣದ ಅಂಶ ಹೆಚ್ಚಿರುವ ಮಣ್ಣಿನಲ್ಲಿ ಅದು ಕ್ಯಾಲ್ಸಿಯಂ ಜೊತೆ ಸೇರಿ ಗಟ್ಟಿಯಾಗಿ ಕೂತುಬಿಡುತ್ತದೆ. ಮಣ್ಣಿನ ನೀರಿನಲ್ಲಿ ಕರಗಿ ಉಳಿಯುವ ಸ್ವಲ್ಪ ಪಾಲೂ ನೈಟ್ರೇಟಿನಂತೆ ನೀರಿನೊಡನೆ ಹರಿದು ಬೇರಿನ ಹತ್ತಿರ ಬರುವುದಿಲ್ಲ. ಬೇರು ತನ್ನ ಮಗ್ಗುಲಲ್ಲಿದ್ದದ್ದನ್ನು ಹೀರಿಕೊಂಡ ಮೇಲೆ ಸುತ್ತಲೂ ಒಂದೆರಡು ಮಿಲಿಮೀಟರ್ ಅಗಲದ ಖಾಲಿ ವಲಯ ಉಂಟಾಗುತ್ತದೆ. ಅದರಾಚೆ ರಂಜಕವಿದ್ದರೂ ಬೇರಿಗೆ ಎಟುಕದು.

ಆರ್ಬಸ್ಕ್ಯೂಲರ್ ಮೈಕೊರೈಜಾ ಶಿಲೀಂಧ್ರ ಕೆಲಸ ಮಾಡುವುದು ಈ ಖಾಲಿ ವಲಯದಾಚೆ. ರೈತರಿಗೂ ಗೊಬ್ಬರದ ಅಂಗಡಿಯವರಿಗೂ ಅದು 'ವ್ಯಾಮ್' ಎಂಬ ಹೆಸರಿನಿಂದ ಪರಿಚಯ. ಅದರ ತಂತುಗಳು ಬೇರಿನಿಂದ ಹಲವು ಸೆಂಟಿಮೀಟರ್ ದೂರ ಹೋಗುತ್ತವೆ. ದಪ್ಪ ಕೆಲವೇ ಮೈಕ್ರೋಮೀಟರ್ ಆದ್ದರಿಂದ ಬೇರು ಹೋಗಲಾರದ ಸಂದಿಗೂ ನುಗ್ಗುತ್ತವೆ. ಅಲ್ಲಿ ಹೀರಿದ ಫಾಸ್ಫೇಟನ್ನು ಪಾಲಿಫಾಸ್ಫೇಟ್ ಸರಪಳಿಯಾಗಿ ಕಟ್ಟಿ ಒಳಗೆ ಸಾಗಿಸುತ್ತವೆ. ಬೇರಿನ ಜೀವಕೋಶದೊಳಗೆ ಶಿಲೀಂಧ್ರವು ಮರದಂತೆ ಕವಲೊಡೆದ ರಚನೆಯೊಂದನ್ನು ಕಟ್ಟಿರುತ್ತದೆ, ಅದೇ ಆರ್ಬಸ್ಕ್ಯೂಲ್. ಸರಪಳಿ ಒಡೆದು ಫಾಸ್ಫೇಟ್ ಹೊರಬೀಳುವುದು ಅಲ್ಲಿ. ಆರ್ಬಸ್ಕ್ಯೂಲಿನ ಸುತ್ತ ಸಸ್ಯ ತನ್ನದೇ ಪೊರೆಯನ್ನು ಹಾಸಿರುತ್ತದೆ, ಅದರಲ್ಲಿರುವ ಸಾಗಣೆ ಪ್ರೋಟೀನುಗಳು ಫಾಸ್ಫೇಟನ್ನು ಒಳಗೆಳೆದುಕೊಳ್ಳುತ್ತವೆ. ಬತ್ತದಲ್ಲಿ ಈ ಕೆಲಸದ ಮುಖ್ಯ ಪ್ರೋಟೀನಿಗೆ OsPT11 ಎಂದು ಹೆಸರು. ಇದಕ್ಕೆ ಪ್ರತಿಯಾಗಿ ಸಸ್ಯವು ಸಕ್ಕರೆಯನ್ನೂ ಕೊಬ್ಬಿನ ಅಂಶವನ್ನೂ ಕೊಡುತ್ತದೆ. ದ್ಯುತಿಸಂಶ್ಲೇಷಣೆಯಲ್ಲಿ ತಯಾರಾದ ಇಂಗಾಲದ ಶೇ. 4ರಿಂದ 20ರವರೆಗೂ ಶಿಲೀಂಧ್ರದ ಪಾಲಾಗಬಹುದು.

ಹಾಗಾಗಿ ಹೊಲದ ಮುಂದೆ ನಿಂತ ವಿದ್ಯಾರ್ಥಿ ಕೇಳಬೇಕಾದ ಪ್ರಶ್ನೆ ಮೂರು. ಬೇರಿನೊಳಗೆ ಶಿಲೀಂಧ್ರ ಇದೆಯೇ? ಎಷ್ಟಿದೆ? ಇದ್ದು ಗಿಡಕ್ಕೆ ರಂಜಕ ತಂದುಕೊಡುತ್ತಿದೆಯೇ? ಮೊದಲೆರಡಕ್ಕೆ ಸೂಕ್ಷ್ಮದರ್ಶಕ ಸಾಕು. ಮೂರನೆಯದಕ್ಕೆ ಸಾಲದು. ಎರಡನೆಯದರ ಉತ್ತರವನ್ನೇ ಮೂರನೆಯದರ ಉತ್ತರವೆಂದು ಬರೆದುಬಿಡುವ ಪ್ರಾಜೆಕ್ಟ್ ವರದಿಗಳು ಬೇಕಾದಷ್ಟಿವೆ. ಕೆಳಗಿನ ಹಂತಗಳನ್ನು ಆ ತಪ್ಪಿಗೆ ಎಡೆಯಿಲ್ಲದಂತೆ ಜೋಡಿಸಿದೆ.

ಹಂತ 1: ಹೊಲಗಳನ್ನು ಆರಿಸಿಕೊಳ್ಳಿ

ರಾಯಚೂರಿನಲ್ಲಿ ಓದುವವರಿಗೆ ಒಂದು ಅನುಕೂಲವಿದೆ. ಒಂದೇ ದಿನದ ಓಡಾಟದಲ್ಲಿ ಎರಡು ಬೇರೆ ಬೇರೆ ಲೋಕ ಸಿಗುತ್ತವೆ. ದೇವದುರ್ಗದ ಕಡೆ ಮಳೆ ನಂಬಿದ ಎರೆಹೊಲದಲ್ಲಿ ತೊಗರಿ, ಹತ್ತಿ. ಮಾನ್ವಿಯ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ನಿಲ್ಲಿಸಿದ ಬತ್ತದ ಗದ್ದೆ. ದೇವದುರ್ಗಕ್ಕೂ ನಾರಾಯಣಪುರ ಬಲದಂಡೆ ಕಾಲುವೆ ಬಂದಿದೆ, ಆದ್ದರಿಂದ ಊರಿನ ಹೆಸರು ನೋಡಿ ಮಳೆಯಾಶ್ರಿತ ಎಂದು ಬರೆದುಕೊಳ್ಳಬೇಡಿ. ಹೊಲದವರನ್ನೇ ಕೇಳಿ: ನೀರು ಎಂದು ಬಿಟ್ಟರು, ಹೋದ ವರ್ಷ ಏನು ಬೆಳೆ, ಎಷ್ಟು ಡಿಎಪಿ, ಎಷ್ಟು ತಿಂಗಳು ಬೀಡು ಬಿಟ್ಟಿದ್ದರು.

ಬೀಡಿನ ಪ್ರಶ್ನೆಯನ್ನು ಸುಮ್ಮನೆ ಸೇರಿಸಿಲ್ಲ. ಈ ಶಿಲೀಂಧ್ರ ಜೀವಂತ ಬೇರಿಲ್ಲದೆ ತನ್ನ ಬಾಳಚಕ್ರ ಮುಗಿಸಲಾರದು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲೂ ನಮ್ಮಂಥದೇ ಕಪ್ಪುಮಣ್ಣಿದೆ. ಅಲ್ಲಿ ಹೊಲವನ್ನು ದೀರ್ಘಕಾಲ ಬೀಡು ಬಿಟ್ಟ ಮೇಲೆ ಬಿತ್ತಿದ ಬೆಳೆಗಳು ತೇವವಿದ್ದರೂ ಕುಂಟುತ್ತಿದ್ದವು, ರಂಜಕ ಮತ್ತು ಸತುವಿನ ಕೊರತೆ ತೋರಿಸುತ್ತಿದ್ದವು. ಬೀಡಿನ ಅವಧಿಯಲ್ಲಿ ಮೈಕೊರೈಜಾ ಕುಗ್ಗಿದ್ದೇ ಕಾರಣವೆಂದು ಜೆ. ಪಿ. ಥಾಂಪ್ಸನ್ 1987ರಲ್ಲಿ ತೋರಿಸಿದರು. ಮುಂಗಾರಿನಲ್ಲಿ ಎರೆಹೊಲವನ್ನು ಬರಿದೇ ಬಿಟ್ಟು ಹಿಂಗಾರಿಗೆ ಜೋಳ, ಕಡಲೆ ಬಿತ್ತುವ ಪದ್ಧತಿ ನಮ್ಮಲ್ಲೂ ಇರುವುದರಿಂದ ಈ ಮಾಹಿತಿ ನಿಮ್ಮ ದಾಖಲೆಯಲ್ಲಿ ಇರಲೇಬೇಕು.

ಮೂರನೆಯ ಮಾದರಿಯಾಗಿ ಸಾಸಿವೆ ಅಥವಾ ಕೋಸಿನ ಬೇರು ತೆಗೆದುಕೊಳ್ಳಿ. ಸಾಸಿವೆ ಕುಟುಂಬದವು ಈ ಶಿಲೀಂಧ್ರದೊಂದಿಗೆ ಸಾಮಾನ್ಯವಾಗಿ ಸಂಬಂಧ ಬೆಳೆಸುವುದಿಲ್ಲ. ಬಣ್ಣ ಹಾಕಿದ ಮೇಲೆ ಸಾಸಿವೆಯ ಬೇರಿನಲ್ಲೂ ನಿಮಗೆ 'ಮೈಕೊರೈಜಾ' ಧಾರಾಳವಾಗಿ ಕಂಡರೆ ನೀವು ಬೇರಾವುದನ್ನೋ ಎಣಿಸುತ್ತಿದ್ದೀರಿ.

ಹಂತ 2: ಬೇರು ತೆಗೆಯಿರಿ

ತೊಗರಿ ಬಿತ್ತಿದ 45ರಿಂದ 60 ದಿನದೊಳಗೆ ಹೋಗಿ. ಬತ್ತಕ್ಕೆ ನಾಟಿಯ ನಂತರ ಅಷ್ಟೇ ಕಾಲ ಬಿಡಿ. ಒಂದು ಹೊಲದಲ್ಲಿ ಎಂಟು ಹತ್ತು ಕಡೆ, ಬದುವಿನಿಂದ ದೂರ, 20 ಸೆಂ.ಮೀ. ಆಳದವರೆಗೆ ಮಣ್ಣಿನ ಹೆಂಟೆಯ ಸಮೇತ ಬೇರು ಎತ್ತಿ. "ಬೇರು ಕಿತ್ತರ ಗಿಡ ಉಳಿತೈತೇನೋ ತಮ್ಮ?" ಎಂದು ಹೊಲದ ಯಜಮಾನರು ಕೇಳುವುದು ಸಹಜ. ಗಿಡ ಕೀಳುವುದು ಬೇಡ. ಕಾಂಡದಿಂದ ಒಂದು ಗೇಣು ಬಿಟ್ಟು ಒಂದೇ ಮಗ್ಗುಲಿನ ಸಣ್ಣ ಬೇರು ತೆಗೆದರೆ ಸಾಕೆಂದು ಹೇಳಿ, ಅವರ ಕಣ್ಣೆದುರೇ ತೆಗೆಯಿರಿ.

ಬೇಕಾದದ್ದು ಒಂದು ಮಿಲಿಮೀಟರಿಗಿಂತ ತೆಳುವಾದ ಹೀರುಬೇರುಗಳು. ದಪ್ಪ ಬೇರಿನ ಹೊರಪದರ ಉದುರಿ ಹೋಗಿರುತ್ತದೆ, ಶಿಲೀಂಧ್ರಕ್ಕೆ ಅಲ್ಲಿ ಮನೆಯಿಲ್ಲ. ಒಂದು ಎಚ್ಚರ: ತೊಗರಿಯ ಸಾಲಿನಲ್ಲಿ ಸಜ್ಜೆಯೋ ಕರಿಕೆಯೋ ಇದ್ದರೆ ಅವುಗಳ ಬಿಳಿ ನವಿರು ಬೇರುಗಳೂ ಬುಟ್ಟಿಗೆ ಬರುತ್ತವೆ. ತೊಗರಿಯ ಬೇರು ಕಂದು, ಅದರಲ್ಲಿ ಗಂಟುಗಳು ಸಿಗುತ್ತವೆ. ಅನುಮಾನವಿದ್ದರೆ ತಾಯಿಬೇರಿಗೆ ಅಂಟಿಕೊಂಡದ್ದನ್ನು ಮಾತ್ರ ಇಟ್ಟುಕೊಳ್ಳಿ.

ಎರೆಮಣ್ಣು ಒಣಗಿದರೆ ಕಲ್ಲಾಗುತ್ತದೆ, ಹಸಿಯಾಗಿದ್ದರೆ ಮೇಣದಂತೆ ಅಂಟುತ್ತದೆ. ಎಳೆದರೆ ತೆಳು ಬೇರುಗಳು ಹರಿದು ಅಲ್ಲೇ ಉಳಿದು, ನಿಮ್ಮ ಕೈಗೆ ದಪ್ಪ ಬೇರು ಮಾತ್ರ ಬರುತ್ತವೆ. ಹೆಂಟೆಯನ್ನು ಬಕೆಟ್ ನೀರಿನಲ್ಲಿ ಒಂದೆರಡು ತಾಸು ನೆನೆಯಲು ಬಿಟ್ಟು, ಮಣ್ಣು ತಾನಾಗಿ ಕರಗಿದ ಮೇಲೆ ಜರಡಿಯ ಮೇಲೆ ನಿಧಾನವಾಗಿ ತೊಳೆಯಿರಿ. ಅದೇ ದಿನ ಮುಂದುವರಿಸಲು ಆಗದಿದ್ದರೆ ಶೇ. 50ರ ಆಲ್ಕೊಹಾಲಿನಲ್ಲಿ ಮುಳುಗಿಸಿಡಿ. ಹೊಲದ ಹೆಸರು, ಬೆಳೆ, ದಿನಾಂಕವನ್ನು ಪೆನ್ಸಿಲಿನಿಂದ ಬರೆದು ಚೀಟಿಯನ್ನು ಬಾಟಲಿಯ ಒಳಗೇ ಹಾಕಿ. ಪೆನ್ನಿನ ಶಾಯಿ ಆಲ್ಕೊಹಾಲಿಗೆ ಕರಗುತ್ತದೆ.

ಹೊಲದ ಮಣ್ಣನ್ನೂ ಅರ್ಧ ಕಿಲೋ ತನ್ನಿ. ಲಭ್ಯ ರಂಜಕವನ್ನು ಓಲ್ಸನ್ ವಿಧಾನದಲ್ಲಿ, ಅಂದರೆ ಪಿಎಚ್ 8.5ರ ಸೋಡಿಯಂ ಬೈಕಾರ್ಬೊನೇಟ್ ದ್ರಾವಣದಿಂದ ಅಳೆಯಿಸಿ. ಆಮ್ಲಮಣ್ಣಿಗೆಂದು ಇರುವ ಬ್ರೇ ವಿಧಾನ ಸುಣ್ಣವಿರುವ ಮಣ್ಣಿನಲ್ಲಿ ತಪ್ಪು ಸಂಖ್ಯೆ ಕೊಡುತ್ತದೆ.

ಹಂತ 3: ಬೇರನ್ನು ಪಾರದರ್ಶಕ ಮಾಡಿ

ಬೇರಿನ ಜೀವಕೋಶದ ಒಳಗಿರುವ ದ್ರವ್ಯ ಹೋದರೆ ಮಾತ್ರ ಒಳಗಿನ ಶಿಲೀಂಧ್ರ ಕಾಣುತ್ತದೆ. ಬೇರನ್ನು ಒಂದು ಸೆಂಟಿಮೀಟರ್ ತುಂಡು ಮಾಡಿ, ಶೇ. 10ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಹಾಕಿ, 90 ಡಿಗ್ರಿ ಸೆಲ್ಸಿಯಸ್‌ನ ಬಿಸಿನೀರಿನ ತೊಟ್ಟಿಯಲ್ಲಿ ಇಡಿ. ಇದು ಚರ್ಮ ಸುಡುವ ಕ್ಷಾರ, ಕೈಗವಸು ಮತ್ತು ಕನ್ನಡಕ ಬೇಕೇ ಬೇಕು.

ಎಷ್ಟು ಹೊತ್ತು ಎಂಬುದು ಬೇರಿನ ಮೇಲೆ ಹೋಗುತ್ತದೆ. ಎಳೆಯ ಈರುಳ್ಳಿ, ಮೆಣಸಿನ ಬೇರಿಗೆ 10–15 ನಿಮಿಷ. ಬತ್ತಕ್ಕೆ ಅರ್ಧ ತಾಸಿನೊಳಗೆ ಮುಗಿಯುತ್ತದೆ. ತೊಗರಿಗೆ ಮುಕ್ಕಾಲು ತಾಸಿನಿಂದ ಒಂದು ತಾಸು ಬೇಕಾದೀತು, ನಡುವೆ ದ್ರಾವಣ ಕಪ್ಪಾದರೆ ಚೆಲ್ಲಿ ಹೊಸದನ್ನು ಹಾಕಬೇಕು. ಅಷ್ಟಾದರೂ ತೊಗರಿ ಕಂದಾಗಿಯೇ ಉಳಿದರೆ ನೀರಿನಲ್ಲಿ ತೊಳೆದು, ಕೆಲವು ಹನಿ ಅಮೋನಿಯಾ ಸೇರಿಸಿದ ಶೇ. 3ರ ಹೈಡ್ರೋಜನ್ ಪೆರಾಕ್ಸೈಡಿನಲ್ಲಿ 10–20 ನಿಮಿಷ ಬಿಡಿ. ಬಣ್ಣ ಬಿಟ್ಟ ತಕ್ಷಣ ತೆಗೆಯಿರಿ. ಬೇರು ಕಡಿಮೆ ಬೆಂದರೆ ಎಲ್ಲವೂ ಮಸುಕು. ಹೆಚ್ಚು ಬೆಂದರೆ ಹೊರಪದರ ಸಿಪ್ಪೆಯಂತೆ ಕಳಚಿ ಶಿಲೀಂಧ್ರದ ಸಮೇತ ಹೋಗಿಬಿಡುತ್ತದೆ, ಆಮೇಲೆ ನಡುವಿನ ನಾಳದ ದಾರವೊಂದೇ ನೋಡಲು ಸಿಗುತ್ತದೆ. ಅಂಥ ತುಂಡುಗಳನ್ನು 'ಶಿಲೀಂಧ್ರವಿಲ್ಲ' ಎಂದು ಎಣಿಸುವುದು ಮೋಸವಾಗುತ್ತದೆ. ಅವನ್ನು ಲೆಕ್ಕದಿಂದಲೇ ತೆಗೆದುಹಾಕಿ.

ಹಂತ 4: ಬಣ್ಣ ಹಾಕಿ

ಹಳೆಯ ದಾರಿ ಟ್ರಿಪಾನ್ ಬ್ಲೂ. ಫಿಲಿಪ್ಸ್ ಮತ್ತು ಹೇಮನ್ 1970ರಲ್ಲಿ ಪ್ರಕಟಿಸಿದ ಈ ವಿಧಾನ ಜಗತ್ತಿನಾದ್ಯಂತ ಪ್ರಯೋಗಾಲಯಗಳಲ್ಲಿ ನೆಲೆಯೂರಿದೆ. ಬೇರನ್ನು ಶೇ. 1ರ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ನೆನೆಸಿ, ಶೇ. 0.05ರ ಬಣ್ಣದಲ್ಲಿ ಬಿಸಿ ಮಾಡುತ್ತಾರೆ. ಟ್ರಿಪಾನ್ ಬ್ಲೂ ಕ್ಯಾನ್ಸರ್ ತರಬಹುದೆಂಬ ಶಂಕೆಯಿರುವ ಬಣ್ಣ. ಮೂಲ ವಿಧಾನದಲ್ಲಿದ್ದ ಫೀನಾಲ್ ಕೂಡ ವಿಷ. ಅದರ ಬದಲು ಲ್ಯಾಕ್ಟಿಕ್ ಆಮ್ಲ, ಗ್ಲಿಸರಾಲ್, ನೀರು ಸಮ ಪಾಲಿನಲ್ಲಿ ಬೆರೆಸಿದರೆ ಸಾಕು.

ಹೊಸಬರಿಗೆ ನಾನು ಹೇಳುವುದು ಶಾಯಿ ಮತ್ತು ವಿನೆಗರ್. 1998ರಲ್ಲಿ ಫೀರ್‌ಹೈಲಿಗ್ ಮತ್ತು ಸಂಗಡಿಗರು ತೋರಿಸಿಕೊಟ್ಟ ಈ ದಾರಿಗೆ ಬೇಕಾದದ್ದು ಶೇ. 5ರ ಅಸಿಟಿಕ್ ಆಮ್ಲವಿರುವ ಬಿಳಿ ವಿನೆಗರ್ ಮತ್ತು ಫೌಂಟನ್ ಪೆನ್ನಿನ ಶಾಯಿ. 95 ಮಿಲಿಲೀಟರ್ ವಿನೆಗರಿಗೆ 5 ಮಿಲಿಲೀಟರ್ ಶಾಯಿ. ಕ್ಷಾರ ಪೂರ್ತಿ ಹೋಗುವಂತೆ ಬೇರನ್ನು ತೊಳೆದು, ಈ ಮಿಶ್ರಣದಲ್ಲಿ ಮೂರು ನಿಮಿಷ ಕುದಿಸಿ. ಆಮೇಲೆ ಕೆಲವು ಹನಿ ವಿನೆಗರ್ ಬೆರೆಸಿದ ನೀರಿನಲ್ಲಿ 20 ನಿಮಿಷ ಬಿಟ್ಟರೆ ಬೇರಿನ ಬಣ್ಣ ಇಳಿದು ಶಿಲೀಂಧ್ರದ್ದು ಉಳಿಯುತ್ತದೆ. ಎಲ್ಲ ಶಾಯಿಯೂ ಕೆಲಸಕ್ಕೆ ಬರುವುದಿಲ್ಲ. ಅಂಗಡಿಯಲ್ಲಿ ಸಿಗುವ ಎರಡು ಮೂರು ಬಗೆ ತಂದು ಮೊದಲು ಹೊಲದಲ್ಲಿ ಬೆಳೆದ ಈರುಳ್ಳಿಯ ಬೇರಿನ ಮೇಲೆ ಪರೀಕ್ಷಿಸಿ. ಈರುಳ್ಳಿಗೆ ಬೇರುರೋಮ ಕಡಿಮೆ, ಅದು ಮೈಕೊರೈಜಾವನ್ನು ಚೆನ್ನಾಗಿ ನೆಚ್ಚಿಕೊಂಡ ಬೆಳೆ. ಅದರಲ್ಲೇ ಏನೂ ಕಾಣದಿದ್ದರೆ ಹೊಲಕ್ಕಿಂತ ಮೊದಲು ಶಾಯಿಯನ್ನು ಅನುಮಾನಿಸಿ.

ಹಂತ 5: ನೋಡಲು ಕಲಿಯಿರಿ

ಇಲ್ಲಿ ಅವಸರ ಬೇಡ, ಎಣಿಕೆ ನಾಳೆಯೂ ಆಗುತ್ತದೆ. ಎಂಟು ಹತ್ತು ತುಂಡುಗಳನ್ನು ಸ್ಲೈಡಿನ ಮೇಲೆ ಗ್ಲಿಸರಾಲಿನಲ್ಲಿಟ್ಟು, ಕವರ್‌ಸ್ಲಿಪ್ ಹಾಕಿ ಮೆಲ್ಲಗೆ ಒತ್ತಿ, 100 ಪಟ್ಟು ಹಿಗ್ಗಿಸಿ ನೋಡಿ. ಮೊದಲು ಬೇರಿನ ಅಂಚಿನಲ್ಲಿ ಹೊರಗಿನಿಂದ ಬಂದ ತಂತು ಒಳಹೊಕ್ಕ ಜಾಗ ಹುಡುಕಿ. ಅಲ್ಲಿಂದ ಅದನ್ನು ಹಿಂಬಾಲಿಸಿದರೆ ಬೇರಿನ ಉದ್ದಕ್ಕೆ ಜೀವಕೋಶಗಳ ನಡುವೆ ಸಾಗುವ, ಅಡ್ಡಗೋಡೆಗಳು ಅಪರೂಪವಾದ, ದಪ್ಪ ಒಂದೇ ಸಮ ಇಲ್ಲದ ತಂತುಗಳು ಸಿಗುತ್ತವೆ. ಅಲ್ಲಲ್ಲಿ ಮೊಟ್ಟೆಯಾಕಾರದ, ಕೊಬ್ಬು ತುಂಬಿದ ಚೀಲಗಳಿರುತ್ತವೆ. ಅವು ವೆಸಿಕಲ್, ಶಿಲೀಂಧ್ರದ ಉಗ್ರಾಣ. ಗೈಗಾಸ್ಪೊರ, ಸ್ಕುಟೆಲ್ಲೊಸ್ಪೊರ ಗುಂಪಿನವು ಬೇರಿನೊಳಗೆ ವೆಸಿಕಲ್ ಕಟ್ಟುವುದಿಲ್ಲ, ಆದ್ದರಿಂದ ವೆಸಿಕಲ್ ಇಲ್ಲವೆಂದು ಮೈಕೊರೈಜಾ ಇಲ್ಲವೆನ್ನಲಾಗದು.

400 ಪಟ್ಟಿಗೆ ಹೋದರೆ ಒಳಹೊರಪದರದ ಕೋಶಗಳಲ್ಲಿ ಆರ್ಬಸ್ಕ್ಯೂಲ್ ಸಿಗುತ್ತದೆ. ಎಳೆಯದಾದರೆ ಸಣ್ಣ ಕವಲುಗಳು ಬಿಡಿಬಿಡಿಯಾಗಿ ತೋರುತ್ತವೆ. ಮುದಿಯಾದರೆ ಕುಸಿದು ಕಾಳು ಕಾಳಾದ ಮುದ್ದೆಯಾಗುತ್ತದೆ. ಒಂದು ಆರ್ಬಸ್ಕ್ಯೂಲಿನ ಬಾಳು ಕೆಲವೇ ದಿನ, ಹೆಚ್ಚೆಂದರೆ ಒಂದೆರಡು ವಾರ. ಬೇರಿನ ತುಂಬ ವೆಸಿಕಲ್ ಇದ್ದು ಆರ್ಬಸ್ಕ್ಯೂಲ್ ಕಾಣದಿದ್ದರೆ ಆ ಬೇರು ಮುದಿಯಾಗಿದೆ ಅಥವಾ ವಿನಿಮಯ ನಿಂತಿದೆ ಎಂದು ತಿಳಿಯಬೇಕು.

ಮೋಸ ಮಾಡುವವು ಹಲವಿವೆ. ಬಣ್ಣ ಹಾಕದೆಯೂ ಕಂದು–ಕಪ್ಪಾಗಿ ಕಾಣುವ, ಸಮದೂರದಲ್ಲಿ ಅಡ್ಡಗೋಡೆಗಳಿರುವ ತಂತುಗಳು ಬೇರೆ ಶಿಲೀಂಧ್ರಗಳದ್ದು. ನಮ್ಮಂಥ ಒಣಭೂಮಿಯಲ್ಲಿ ಅವು ಹೇರಳ. ಶಿಲೀಂಧ್ರವು ಬೇರಿನ ನಡುವಿನ ನಾಳಭಾಗವನ್ನು ಹೊಕ್ಕಿದ್ದರೆ ಅದು ಮೈಕೊರೈಜಾ ಅಲ್ಲ, ರೋಗಕಾರಕವೋ ಕೊಳೆತದ ಮೇಲೆ ಬಂದದ್ದೋ ಇರಬೇಕು. ಮಾನ್ವಿಯ ಬತ್ತದ ಬೇರಿನಲ್ಲಿ ಗಾಳಿಯ ಪೊಳ್ಳುಗಳಿರುತ್ತವೆ. ಅವುಗಳ ಗೋಡೆಗೆ ಬಣ್ಣ ಕೂತಾಗ ತಂತುವಿನಂತೆ ಕಾಣುತ್ತದೆ. ಫೋಕಸ್ ಮೇಲೆ ಕೆಳಗೆ ಮಾಡಿದರೆ ಗೋಡೆ ಹಾಳೆಯಂತೆ ಉಳಿಯುತ್ತದೆ, ತಂತುವಾದರೆ ಕೊಳವೆಯಂತೆ ದುಂಡಗಾಗಿ ತೋರುತ್ತದೆ.

ಹಂತ 6: ಎಣಿಸಿ

ಜಿಯೊವನೆಟ್ಟಿ ಮತ್ತು ಮೊಸ್ಸೆ 1980ರಲ್ಲಿ ಗಟ್ಟಿಮಾಡಿಕೊಟ್ಟ ಚೌಕಗೆರೆ ವಿಧಾನ ಈಗಲೂ ಹೊಸಬರ ಮೊದಲ ಪಾಠ. ಪೆಟ್ರಿ ತಟ್ಟೆಯ ಅಡಿಗೆ 1.27 ಸೆಂ.ಮೀ. ಚೌಕಗಳ ಜಾಲ ಗೀಚಿ ಅಥವಾ ಅಂಟಿಸಿ. ಬಣ್ಣ ಹಾಕಿದ ಬೇರನ್ನು ಅದರಲ್ಲಿ ಎತ್ತೆತ್ತಲೋ ಹರಡಿ. ದ್ವಿನೇತ್ರ ಸೂಕ್ಷ್ಮದರ್ಶಕದಲ್ಲಿ ಅಡ್ಡ, ಉದ್ದ ಎಲ್ಲ ಗೆರೆಗಳ ಮೇಲೂ ಸಾಗುತ್ತ, ಬೇರು ಗೆರೆಯನ್ನು ದಾಟುವ ಪ್ರತಿ ಜಾಗದಲ್ಲಿ ಶಿಲೀಂಧ್ರ ಇದೆಯೋ ಇಲ್ಲವೋ ಎಂದು ಬರೆದುಕೊಳ್ಳಿ. ಚೌಕ 1.27 ಸೆಂ.ಮೀ. ಇದ್ದಾಗ ಒಂದು ಅನುಕೂಲ: ಒಟ್ಟು ದಾಟುಗಳ ಸಂಖ್ಯೆಯೇ ಹೆಚ್ಚುಕಡಿಮೆ ಬೇರಿನ ಉದ್ದ, ಸೆಂಟಿಮೀಟರಿನಲ್ಲಿ.

ಲೆಕ್ಕ ತಿಳಿಯಲೆಂದು ಕೆಲವು ಸಂಖ್ಯೆಗಳನ್ನು ಊಹಿಸಿಕೊಳ್ಳೋಣ. ತೊಗರಿಯ ತಟ್ಟೆಯಲ್ಲಿ 160 ದಾಟುಗಳು, 96ರಲ್ಲಿ ಶಿಲೀಂಧ್ರ. ಅಂದರೆ ಶೇ. 60. ಬೇರಿನ ಉದ್ದ 160 ಸೆಂ.ಮೀ., ಶಿಲೀಂಧ್ರವಿರುವ ಉದ್ದ 96 ಸೆಂ.ಮೀ. ಈ ಶೇ. 60 ಎಷ್ಟು ನಂಬಿಕೆಗೆ ಅರ್ಹ?

```
sqrt(0.60 × 0.40 / 160) = 0.039
95% : 0.60 ± 0.076
```

ನಿಜವಾದ ಪ್ರಮಾಣ ಶೇ. 52ರಿಂದ 68ರ ನಡುವೆ ಎಲ್ಲಾದರೂ ಇರಬಹುದು. ಪಕ್ಕದ ಹೊಲದಲ್ಲಿ ಶೇ. 54 ಬಂದರೆ ಒಂದು ತಟ್ಟೆಯ ಎಣಿಕೆಯಿಂದ ಅದು ಕಡಿಮೆಯೆಂದು ಹೇಳಲು ಬಾರದು. ಅದೇ ಬೇರನ್ನು ಮತ್ತೆ ಕದಡಿ ಹರಡಿ ಮೂರು ಸಲ ಎಣಿಸಿದರೆ ಎಣಿಕೆಯ ತಪ್ಪು ಇಳಿಯುತ್ತದೆ. ಹೊಲದಿಂದ ಹೊಲಕ್ಕಿರುವ ವ್ಯತ್ಯಾಸ ತಿಳಿಯಲು ಮಾತ್ರ ಬೇರೆ ಬೇರೆ ಹೊಲಗಳೇ ಬೇಕು, ಒಂದೇ ಹೊಲದ ಹತ್ತು ತಟ್ಟೆ ಅದಕ್ಕೆ ಸಾಲದು.

ಈಗ ಮಾನ್ವಿಯ ಗದ್ದೆಯ ಬತ್ತಕ್ಕೆ 400 ದಾಟು, 60ರಲ್ಲಿ ಶಿಲೀಂಧ್ರ ಎಂದುಕೊಳ್ಳಿ. ಶೇ. 15. ತೊಗರಿಯ ಕಾಲುಭಾಗ ಎಂದು ಬರೆದುಬಿಡಲು ಕೈ ತವಕಿಸುತ್ತದೆ. ಉದ್ದ ನೋಡಿದರೆ 60 ಸೆಂ.ಮೀ., ತೊಗರಿಯ 96ಕ್ಕೆ ಅಷ್ಟೇನೂ ದೂರವಿಲ್ಲ. ಒಂದೇ ತೂಕದಲ್ಲಿ ಬತ್ತದ ನವಿರು ಬೇರು ಹೆಚ್ಚು ಉದ್ದ ಇರುತ್ತದೆ. ಡಿಎಪಿ ಹಾಕಿದ ಹೊಲದಲ್ಲೂ ಇದೇ ಗೊಂದಲ: ಬೇರು ಬೇಗ ಬೆಳೆದಾಗ ಶಿಲೀಂಧ್ರದ ಉದ್ದ ಹಾಗೆಯೇ ಇದ್ದರೂ ಶೇಕಡಾ ಇಳಿಯುತ್ತದೆ. ಅದಕ್ಕೇ ಎರಡನ್ನೂ ಬರೆಯಬೇಕು.

ನೀರು ನಿಂತ ಗದ್ದೆಯಲ್ಲಿ ಪ್ರಮಾಣ ಕಡಿಮೆಯಾಗುವುದು ನಿರೀಕ್ಷಿತವೇ. ಶಿಲೀಂಧ್ರಕ್ಕೆ ಆಮ್ಲಜನಕ ಬೇಕು. ಅಲ್ಲದೆ ನೀರು ನಿಂತಾಗ ಮಣ್ಣಿನ ಕಬ್ಬಿಣಕ್ಕೆ ಅಂಟಿದ್ದ ರಂಜಕ ಬಿಡುಗಡೆಯಾಗಿ ಬೇರಿಗೆ ಸುಲಭವಾಗಿ ಸಿಗುತ್ತದೆ, ಗಿಡಕ್ಕೆ ಶಿಲೀಂಧ್ರದ ಅಗತ್ಯವೂ ತಗ್ಗುತ್ತದೆ. ಅದೇ ಮಾನ್ವಿಯಲ್ಲಿ ಕೂರಿಗೆಯಿಂದ ಒಣಮಣ್ಣಿಗೆ ನೇರ ಬಿತ್ತಿದ ಬತ್ತ ಸಿಕ್ಕರೆ ಅದರ ಬೇರನ್ನೂ ತನ್ನಿ. ತೊಗರಿಗೂ ಬತ್ತಕ್ಕೂ ಹೋಲಿಸುವುದಕ್ಕಿಂತ ಬತ್ತಕ್ಕೂ ಬತ್ತಕ್ಕೂ ಹೋಲಿಸುವುದು ನೂರು ಪಾಲು ಮೇಲು.

ಇನ್ನು ಮಣ್ಣಿನಿಂದ ಬೀಜಕ ತೆಗೆಯುವ ವಿಷಯ. ಗೆರ್ಡೆಮನ್ ಮತ್ತು ನಿಕೋಲ್ಸನ್ 1963ರಲ್ಲಿ ಹೇಳಿದ ಹಸಿ ಜರಡಿ ವಿಧಾನ ಎಲ್ಲ ಪ್ರಾಯೋಗಿಕ ಪುಸ್ತಕದಲ್ಲೂ ಇದೆ, ಮಾಡಿ ಕಲಿಯಿರಿ. ಆದರೆ ಬೀಜಕದ ಸಂಖ್ಯೆಗೆ ಹೆಚ್ಚು ಬೆಲೆ ಕೊಡಬೇಡಿ. ಸತ್ತ ಬೀಜಕವೂ ಎಣಿಕೆಗೆ ಬರುತ್ತದೆ. ಕೆಲವು ಜಾತಿಗಳು ಬೀಜಕ ಕಡಿಮೆ ಬಿಟ್ಟು ಬೇರಿನ ತುಂಡು, ತಂತುಗಳಿಂದಲೇ ಹರಡುತ್ತವೆ.

ಹಂತ 7: ಕುಂಡದಲ್ಲಿ ಕೇಳಿ

ಇಲ್ಲಿಯವರೆಗೆ ರಂಜಕದ ಒಂದು ಅಣುವನ್ನೂ ಅಳೆದಿಲ್ಲ. ಶೇ. 60 ಎಂಬುದು ಶಿಲೀಂಧ್ರ ನೆಲೆಸಿದೆ ಎಂದು ಹೇಳುತ್ತದೆ, ದುಡಿಯುತ್ತಿದೆ ಎಂದಲ್ಲ. ತೊಗರಿಯಂಥ ಬೆಳೆಯಲ್ಲಿ ಇನ್ನೊಂದು ತೊಡಕಿದೆ. ಅದರ ಬೇರು ತಾನೇ ಆಮ್ಲಗಳನ್ನು ಸ್ರವಿಸಿ ಕಬ್ಬಿಣಕ್ಕೆ ಅಂಟಿದ ರಂಜಕವನ್ನು ಬಿಡಿಸಿಕೊಳ್ಳಬಲ್ಲದೆಂದು ಪಟಾನ್‌ಚೆರುವಿನ ಇಕ್ರಿಸ್ಯಾಟ್‌ನ ಕೆಲಸದಿಂದ 1990ರಲ್ಲಿ ತಿಳಿಯಿತು. ಆದ್ದರಿಂದ ಮೊದಲ ಕುಂಡ ಪ್ರಯೋಗಕ್ಕೆ ಮೆಣಸಿನಕಾಯಿ ಆರಿಸಿ. ಅದಕ್ಕೆ ನಮ್ಮ ರಾಜ್ಯದಲ್ಲೇ ಹಿನ್ನೆಲೆಯೂ ಇದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿದ್ದ ಡಿ. ಜೆ. ಭಾಗ್ಯರಾಜ್ ಅವರು ಶ್ರೀರಾಮುಲು ಅವರ ಜೊತೆ 1982ರಲ್ಲಿ 'ಪ್ಲಾಂಟ್ ಆ್ಯಂಡ್ ಸಾಯಿಲ್' ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಬಂಧ ಇದೇ ಬೆಳೆಯದು: ಸಸಿಮಡಿಯಲ್ಲೇ ಶಿಲೀಂಧ್ರ ಕೊಟ್ಟು ಹೊಲಕ್ಕೆ ನಾಟಿ ಮಾಡಿದ ಮೆಣಸಿನ ಗಿಡ ಹೆಚ್ಚು ಇಳುವರಿ ಕೊಟ್ಟಿತು, ರಂಜಕ ಗೊಬ್ಬರವೂ ಉಳಿಯಿತು.

ಹೊಲದ ಎರೆಮಣ್ಣಿಗೆ ಸಮನಾಗಿ ತೊಳೆದ ಮರಳು ಬೆರೆಸಿ. ಬರೀ ಎರೆಮಣ್ಣು ಕುಂಡದಲ್ಲಿ ನೀರು ಹಿಡಿದು ಬೇರನ್ನು ಉಸಿರುಗಟ್ಟಿಸುತ್ತದೆ, ಒಣಗಿದಾಗ ಬಿರಿದು ಬೇರು ಹರಿಯುತ್ತದೆ. ಮಿಶ್ರಣವನ್ನು ಆಟೋಕ್ಲೇವಿನಲ್ಲಿ 121 ಡಿಗ್ರಿಯಲ್ಲಿ ಒಂದು ತಾಸಿನಂತೆ ಎರಡು ದಿನ ಕಾಯಿಸಿ, ಎರಡು ವಾರ ಹಾಗೇ ಬಿಡಿ. ಕಾಯಿಸಿದಾಗ ಮಣ್ಣಿನಿಂದ ಮ್ಯಾಂಗನೀಸ್ ಬಿಡುಗಡೆಯಾಗಿ ಎಳೆ ಸಸಿಗೆ ವಿಷವಾಗಬಹುದು, ಅದು ತಣಿಯಬೇಕು. ಎರಡೆರಡು ಕಿಲೋದ 30 ಕುಂಡ ತುಂಬಿ: ಶಿಲೀಂಧ್ರ ಇರುವವು, ಇಲ್ಲದವು, ಪ್ರತಿಯೊಂದರಲ್ಲೂ ಕಿಲೋ ಮಣ್ಣಿಗೆ 0, 15, 50 ಮಿಲಿಗ್ರಾಂ ರಂಜಕ, ಪ್ರತಿಯೊಂದಕ್ಕೂ ಐದು ಕುಂಡ. ರಂಜಕವನ್ನು KH₂PO₄ ರೂಪದಲ್ಲಿ ಕೊಟ್ಟರೆ ಅದರಲ್ಲಿ ರಂಜಕ ಶೇ. 22.8. ಹಾಗಾಗಿ 15ರ ಮಟ್ಟಕ್ಕೆ ಕುಂಡಕ್ಕೆ 132 ಮಿಲಿಗ್ರಾಂ, 50ರ ಮಟ್ಟಕ್ಕೆ 439 ಮಿಲಿಗ್ರಾಂ. ಜೊತೆಗೆ ಬರುವ ಪೊಟ್ಯಾಷಿಯಂ ಎಲ್ಲ ಕುಂಡಕ್ಕೂ ಒಂದೇ ಆಗುವಂತೆ ಕಡಿಮೆ ಬಿದ್ದ ಕಡೆ ಪೊಟ್ಯಾಸಿಯಂ ಸಲ್ಫೇಟ್ ಸೇರಿಸಿ. ಸಾರಜನಕ ಎಲ್ಲಕ್ಕೂ ಸಮ.

ಶಿಲೀಂಧ್ರ ಬರುವುದು ಜೋಳದ ಕುಂಡದಿಂದ: ಶುದ್ಧ ಶಿಲೀಂಧ್ರ ಹಾಕಿ ಬೆಳೆಸಿದ ಜೋಳದ ಬೇರು ಮತ್ತು ಮಣ್ಣನ್ನು ಕೊಚ್ಚಿ ಕುಂಡಕ್ಕೆ 20 ಗ್ರಾಂನಂತೆ, ಬೀಜದ ಕೆಳಗೆ ಎರಡು ಮೂರು ಸೆಂ.ಮೀ. ಆಳದಲ್ಲಿ ಹಾಕಿ, ಎಳೆ ಬೇರು ಅದನ್ನು ಹಾದು ಹೋಗುವಂತೆ. ಶಿಲೀಂಧ್ರವಿಲ್ಲದ ಕುಂಡವನ್ನು ಖಾಲಿ ಬಿಡಬೇಡಿ. ಅದೇ 20 ಗ್ರಾಂ ಆಟೋಕ್ಲೇವ್ ಮಾಡಿ ಹಾಕಬೇಕು. ಜೊತೆಗೆ ಜೀವಂತ ಮಿಶ್ರಣವನ್ನು ನೀರಿನಲ್ಲಿ ಕಲಸಿ ಫಿಲ್ಟರ್ ಕಾಗದದಲ್ಲಿ ಸೋಸಿದ ನೀರನ್ನೂ ಹಾಕಬೇಕು. ಬೀಜಕ ಕಾಗದ ದಾಟದು, ಬ್ಯಾಕ್ಟೀರಿಯಾ ದಾಟುತ್ತದೆ. ಈ ಸೋಸಿದ ನೀರು ಮರೆತರೆ ಕೊನೆಗೆ ಬಂದ ವ್ಯತ್ಯಾಸ ಶಿಲೀಂಧ್ರದ್ದೋ ಬ್ಯಾಕ್ಟೀರಿಯಾದ್ದೋ ಹೇಳಲಾಗದು.

45–50 ದಿನಕ್ಕೆ ಗಿಡ ಕೊಯ್ದು 70 ಡಿಗ್ರಿಯಲ್ಲಿ ತೂಕ ಇಳಿಯದಾಗುವವರೆಗೆ ಒಣಗಿಸಿ, ತೂಗಿ, ರಂಜಕ ಅಳೆಯಿಸಿ. ಬೇರಿಗೆ ಬಣ್ಣ ಹಾಕಿ ನೋಡುವುದನ್ನು ಎರಡೂ ಬಗೆಯ ಕುಂಡದಲ್ಲಿ ಮಾಡಿ. 'ಇಲ್ಲದ' ಕುಂಡದಲ್ಲೂ ಶಿಲೀಂಧ್ರ ಕಂಡರೆ ನೀರೋ ಪಾತ್ರೆಯೋ ಸೋಂಕು ತಂದಿದೆ, ಆ ಕುಂಡದ ಸಂಖ್ಯೆ ಹೋಲಿಕೆಗೆ ಬಾರದು.

ಮತ್ತೆ ಊಹೆಯ ಸಂಖ್ಯೆಗಳು. ರಂಜಕ ಹಾಕದ ಮಟ್ಟದಲ್ಲಿ ಶಿಲೀಂಧ್ರವಿರುವ ಗಿಡ 2.4 ಗ್ರಾಂ, ಇಲ್ಲದ್ದು 1.5 ಗ್ರಾಂ, ರಂಜಕದ ಅಂಶ ಕ್ರಮವಾಗಿ ಶೇ. 0.22 ಮತ್ತು 0.14. 50ರ ಮಟ್ಟದಲ್ಲಿ ತೂಕ 3.0 ಮತ್ತು 3.1.

```
ಅವಲಂಬನೆ (0)  = (2.4 − 1.5) / 2.4 × 100 = 37.5
ಅವಲಂಬನೆ (50) = (3.0 − 3.1) / 3.0 × 100 = −3.3
ರಂಜಕ, ಇದ್ದಾಗ    = 2.4 × 0.22% = 5.3 ಮಿ.ಗ್ರಾಂ
ರಂಜಕ, ಇಲ್ಲದಾಗ  = 1.5 × 0.14% = 2.1 ಮಿ.ಗ್ರಾಂ
```

ಗಿಡದ ತೂಕ 1.6 ಪಟ್ಟು, ಒಳಗೆ ಬಂದ ರಂಜಕ 2.5 ಪಟ್ಟು. ತೂಕಕ್ಕಿಂತ ರಂಜಕ ಹೆಚ್ಚು ಏರಿದೆ ಎಂದರೆ ಶಿಲೀಂಧ್ರದ ಲಾಭ ರಂಜಕದ ಮೂಲಕ ಬಂದಿರುವ ಸಾಧ್ಯತೆ ಬಲವಾಗುತ್ತದೆ. ತೂಕ ಏರಿ ರಂಜಕದ ಶೇಕಡಾ ಇಳಿದಿದ್ದರೆ ನೀರು, ಸತು ಮುಂತಾದ ಬೇರೆ ಕಾರಣ ಹುಡುಕಬೇಕು. 50ರ ಮಟ್ಟದಲ್ಲಿ ಅವಲಂಬನೆ ಸೊನ್ನೆಯ ಆಸುಪಾಸಿಗೆ ಬಂದದ್ದು ನಿರೀಕ್ಷಿತ: ರಂಜಕ ಸುಲಭವಾಗಿ ಸಿಗುವಾಗ ಗಿಡ ಶಿಲೀಂಧ್ರಕ್ಕೆ ಬಾಗಿಲು ಕಿರಿದು ಮಾಡುತ್ತದೆ. ಅವಲಂಬನೆ ಎಂಬುದು ಬೆಳೆಯೊಂದರ ಸ್ಥಿರ ಗುಣವಲ್ಲ, ರಂಜಕದ ಮಟ್ಟ ಹೇಳದೆ ಆ ಸಂಖ್ಯೆ ಬರೆಯಬಾರದು.

ಇಲ್ಲೊಂದು ಸೂಕ್ಷ್ಮವಿದೆ. ತೂಕದಲ್ಲಿ ವ್ಯತ್ಯಾಸವಿಲ್ಲದಿದ್ದರೆ ಶಿಲೀಂಧ್ರ ರಂಜಕ ತರಲೇ ಇಲ್ಲವೆಂದು ಅರ್ಥವಲ್ಲ. ಸ್ಯಾಲಿ ಸ್ಮಿತ್ ಮತ್ತು ಸಂಗಡಿಗರು 2003ರಲ್ಲಿ ವಿಕಿರಣಶೀಲ ರಂಜಕ ಬಳಸಿ ತೋರಿಸಿದಂತೆ, ಬೆಳವಣಿಗೆ ಹೆಚ್ಚದ ಗಿಡದಲ್ಲೂ ರಂಜಕದ ದೊಡ್ಡ ಪಾಲು ಶಿಲೀಂಧ್ರದ ದಾರಿಯಿಂದ ಬಂದಿರಬಹುದು. ಆಗ ಬೇರಿನ ಸ್ವಂತ ಹೀರಿಕೆ ಅಷ್ಟರಮಟ್ಟಿಗೆ ತಗ್ಗಿರುತ್ತದೆ, ಒಟ್ಟು ಮೊತ್ತ ಮಾತ್ರ ಹಾಗೇ ಉಳಿಯುತ್ತದೆ. ವಿಕಿರಣಶೀಲ ವಸ್ತು ವಿದ್ಯಾರ್ಥಿಯ ಕೈಗೆ ಸಿಗದು. ಅದರ ಬಡ ಸೋದರನಂತೆ 30 ಮೈಕ್ರೋಮೀಟರ್ ರಂಧ್ರದ ನೈಲಾನ್ ಬಟ್ಟೆಯಿಂದ ಕುಂಡವನ್ನು ಎರಡು ಭಾಗ ಮಾಡಬಹುದು. ತಂತು ದಾಟುತ್ತದೆ, ಬೇರು ದಾಟದು. ರಂಜಕವನ್ನು ಬೇರಿಲ್ಲದ ಭಾಗದಲ್ಲಿ ಮಾತ್ರ, ಬಟ್ಟೆಯಿಂದ ಮೂರು ನಾಲ್ಕು ಸೆಂ.ಮೀ. ಆಚೆ ಹಾಕಿ. ಅಷ್ಟು ದೂರದ ರಂಜಕ ಗಿಡಕ್ಕೆ ತಲುಪಿದರೆ ತಂದವರು ಯಾರೆಂಬುದಕ್ಕೆ ವಾದ ಬೇಡ.

ಹಂತ 8: ಹೊಲಕ್ಕೆ ಮರಳುವ ಮುನ್ನ

ಕಾಯಿಸಿದ ಮಣ್ಣಿನಲ್ಲಿ ಕಂಡ 37.5 ಹೊಲದಲ್ಲಿ ಕಾಣುವುದಿಲ್ಲ. ಅಲ್ಲಿ ನಾಡಶಿಲೀಂಧ್ರಗಳು ಈಗಾಗಲೇ ಇವೆ, ನೀವು ಹಾಕಿದ್ದು ಅವುಗಳ ಜೊತೆ ಪೈಪೋಟಿ ಮಾಡಬೇಕು. ಭಾಗ್ಯರಾಜ್ ಮತ್ತು ಎ. ಮಂಜುನಾಥ್ 1980ರಲ್ಲಿ ಕಾಯಿಸದ ಮಣ್ಣಿನಲ್ಲೇ ಹತ್ತಿ, ಅಲಸಂದೆ, ರಾಗಿಗೆ ಶಿಲೀಂಧ್ರ ಕೊಟ್ಟು ನೋಡಿದ್ದಕ್ಕೆ ಅಷ್ಟು ಬೆಲೆ ಬಂದದ್ದು ಇದರಿಂದಲೇ. ನೇರ ಬಿತ್ತುವ ತೊಗರಿಯ ಇಡೀ ಹೊಲಕ್ಕೆ ಪುಡಿ ಎರಚುವುದಕ್ಕಿಂತ ಮೆಣಸು, ಈರುಳ್ಳಿಯಂಥ ಬೆಳೆಗೆ ಸಸಿಮಡಿಯಲ್ಲಿ ಕೊಡುವುದು ಲೆಕ್ಕಕ್ಕೆ ಕೂಡುತ್ತದೆ: ಬೇಕಾದ ಪ್ರಮಾಣ ಸಣ್ಣದು, ಸಸಿಯ ಬೇರಿನೊಳಗೆ ಮೊದಲೇ ಸೇರಿಕೊಂಡ ಶಿಲೀಂಧ್ರಕ್ಕೆ ಹೊಲದಲ್ಲಿ ಮುಂಗಡ ಸಿಕ್ಕಿರುತ್ತದೆ.

ಗೊಬ್ಬರದ ಅಂಗಡಿಯ ವ್ಯಾಮ್ ಪೊಟ್ಟಣ ತಂದು ಕೇಳುವ ರೈತರೂ ಇದ್ದೇ ಇರುತ್ತಾರೆ. "ಇದು ಜೀವಂತ ಐತೇನ್ರಿ?" ಎಂಬ ಪ್ರಶ್ನೆಗೆ ಪೊಟ್ಟಣದ ಮೇಲಿನ ಅಚ್ಚು ಓದಿ ಉತ್ತರ ಕೊಡಬೇಡಿ. ಶುದ್ಧೀಕರಿಸಿದ ಮರಳು ಮತ್ತು ಮಣ್ಣಿನ ಮೂರು ಕುಂಡದಲ್ಲಿ ಆ ಪುಡಿ, ಇನ್ನು ಮೂರರಲ್ಲಿ ಆಟೋಕ್ಲೇವ್ ಮಾಡಿದ ಅದೇ ಪುಡಿ, ಮತ್ತೆ ಮೂರರಲ್ಲಿ ನಿಮ್ಮ ಜೋಳದ ಕುಂಡದ ಮಿಶ್ರಣ ಹಾಕಿ ಜೋಳ ಬಿತ್ತಿ. ರಂಜಕ ಕೊಡಬೇಡಿ. ಐದು ವಾರಕ್ಕೆ ಬೇರು ತೆಗೆದು ಶಾಯಿ ಹಾಕಿ ನೋಡಿ. ಕೊನೆಯ ಮೂರರಲ್ಲಿ ಶಿಲೀಂಧ್ರ ಚೆನ್ನಾಗಿ ಕಂಡು ಪೊಟ್ಟಣದ ಮೂರರಲ್ಲಿ ಏನೂ ಇಲ್ಲದಿದ್ದರೆ ಪುಡಿ ಸತ್ತಿದೆ. ಎರಡರಲ್ಲೂ ಇಲ್ಲದಿದ್ದರೆ ನಿಮ್ಮ ಕುಂಡಗಳಲ್ಲೇ ಏನೋ ಕೆಟ್ಟಿದೆ, ಪೊಟ್ಟಣದ ಬಗ್ಗೆ ಇನ್ನೂ ಏನನ್ನೂ ಹೇಳುವ ಹಾಗಿಲ್ಲ. ಆಟೋಕ್ಲೇವ್ ಮಾಡಿದವುಗಳಲ್ಲೂ ಕಂಡರೆ ಸೋಂಕು ಬೇರೆಡೆಯಿಂದ ಬಂದಿದೆ, ಪ್ರಯೋಗವನ್ನು ಮತ್ತೆ ಹೂಡಬೇಕು.